ಹಳೆಯ ಅಚ್ಚಿನ ಬಟ್ಟೆಯೋ, ಹೊಸ ನಕಲೋ: ಮನೆಯಲ್ಲೇ ಪರೀಕ್ಷಿಸುವ ಬಗೆ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಯ ಹಳೆ ಮನೆಗಳ ಪೆಟ್ಟಿಗೆಗಳಲ್ಲಿ ಅಚ್ಚಿನ ಹತ್ತಿ ಬಟ್ಟೆಗಳು ಇನ್ನೂ ಸಿಗುತ್ತವೆ. ಮಂಚದ ಮೇಲುಹಾಸು, ಬಾಗಿಲ ಪರದೆ, ದೇವರ ಮಂಟಪಕ್ಕೆ ಕಟ್ಟುವ ಮೇಲ್ಕಟ್ಟು, ಹೀಗೆ. ಗಡಿಯಾಚೆಯ ಆಂಧ್ರದೊಂದಿಗೆ ಮದುವೆ, ವ್ಯಾಪಾರ, ಯಾತ್ರೆಯ ನಂಟು ಮೊದಲಿನಿಂದಲೂ ಇದೆಯಲ್ವಾ, ಆ ದಾರಿಯಲ್ಲೇ ಈ ಬಟ್ಟೆಗಳೂ ಬಂದವು. ಎಲ್ಲಕ್ಕೂ ನಾವು ಕಲಂಕಾರಿ ಅಂತಲೇ ಹೇಳುತ್ತೇವೆ. ಆದರೆ ಕಾಳಹಸ್ತಿಯದು ಕೈಯಲ್ಲಿ ಕಲಂ ಹಿಡಿದು ಬರೆಯುವ ಕೆಲಸ. ಮರದ ಅಚ್ಚಿನಿಂದ ಒತ್ತುವ ಕೆಲಸ ಮಚಲಿಪಟ್ಟಣ ಮತ್ತು ಅದರ ಪಕ್ಕದ ಪೆಡನದ್ದು. ಇಲ್ಲಿ ನಾನು ಹೇಳುವುದು ಈ ಎರಡನೆಯದರ ಬಗ್ಗೆ.

ಈಗ ಇದೇ ವಿನ್ಯಾಸಗಳು ರಾಸಾಯನಿಕ ಬಣ್ಣದಲ್ಲಿ, ಯಂತ್ರದಲ್ಲಿ ಅಚ್ಚಾಗಿ ಬರುತ್ತಿವೆ. ಅವನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, "ನೂರು ವರ್ಷದ್ದು, ಗಿಡಮೂಲಿಕೆ ಬಣ್ಣದ್ದು" ಎಂದು ಮಾರುವವರಿದ್ದಾರೆ. ಇನ್ನೊಂದು ಕಡೆ, ನಿಜಕ್ಕೂ ಹಳೆಯದಾದ ಬಟ್ಟೆಯನ್ನು ಹಳೆ ಚಿಂದಿ ಎಂದು ನೆಲ ಒರೆಸಲು ಹಾಕುವವರೂ ಇದ್ದಾರೆ. ಇವೆರಡೂ ತಪ್ಪಬೇಕು.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಬಟ್ಟೆ ಹಳೆಯದೇ ಎನ್ನುವುದು ಒಂದು ಪ್ರಶ್ನೆ. ಬಣ್ಣ ಗಿಡದಿಂದ ಬಂದದ್ದೇ ಎನ್ನುವುದು ಇನ್ನೊಂದು. ಜನ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಕಳೆದ ವರ್ಷ ಪೆಡನದಲ್ಲಿ ಅಳಲೆಕಾಯಿ, ಕಬ್ಬಿಣದ ನೀರು ಬಳಸಿ ಒತ್ತಿದ ಬಟ್ಟೆ ನೈಸರ್ಗಿಕ, ಆದರೆ ಹೊಸದು. 1930ರಲ್ಲಿ ರಾಸಾಯನಿಕ ಕೆಂಪು ಹಾಕಿ ಒತ್ತಿದ ಬಟ್ಟೆ ಹಳೆಯದು, ಆದರೆ ಪೂರ್ತಿ ನೈಸರ್ಗಿಕವಲ್ಲ.

ಯಾಕೆ ಹೀಗೆ ಎನ್ನಲು ಕೆಲವು ಇಸವಿಗಳು ಸಾಕು. ಕೆಂಪು ಬಣ್ಣ ಕೊಡುವ ಬೇರುಗಳಲ್ಲಿರುವ ಒಂದು ಮುಖ್ಯ ಬಣ್ಣವಾದ ಅಲಿಜಾರಿನ್ ಅನ್ನು ಜರ್ಮನಿಯಲ್ಲಿ 1868ರಲ್ಲೇ ಕೃತಕವಾಗಿ ತಯಾರಿಸಿದರು. ನೀಲಿ ಸೊಪ್ಪಿನ ಬಣ್ಣವಾದ ಇಂಡಿಗೋದ ಕೃತಕ ರೂಪ 1897ರಲ್ಲಿ ಮಾರುಕಟ್ಟೆಗೆ ಬಂತು. ಕಾರ್ಖಾನೆಯ ನ್ಯಾಫ್ತಾಲ್ ಕೆಂಪುಗಳಿಗೆ ದಾರಿಯಾದದ್ದು 1912ರಲ್ಲಿ. ನೂಲಿನ ಜೊತೆಗೇ ರಾಸಾಯನಿಕವಾಗಿ ಕೂಡಿಕೊಳ್ಳುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ. ಇದರ ಉಪಯೋಗ ಇಷ್ಟೇ: ಒಂದು ಬಟ್ಟೆಯಲ್ಲಿ ನ್ಯಾಫ್ತಾಲ್ ಸಿಕ್ಕರೆ ಆ ಬಟ್ಟೆ 1912ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಅಂದರೆ ಒಂದು ಬಣ್ಣವನ್ನು ಗುರುತಿಸಿದರೆ ಬಟ್ಟೆಯ ವಯಸ್ಸಿಗೆ ಒಂದು ಮಿತಿ ಸಿಗುತ್ತದೆ. ಆದರೆ ಬಣ್ಣ ನೈಸರ್ಗಿಕ ಅಂತ ತೋರಿದ ಮಾತ್ರಕ್ಕೆ ಬಟ್ಟೆ ಹಳೆಯದಾಗುವುದಿಲ್ಲ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಟೇಪು, ಸಣ್ಣ ಚಿಮಟ, ಬಿಳಿ ಪಿಂಗಾಣಿ ತಟ್ಟೆ, ನಿಂಬೆಹಣ್ಣು, ವಾಷಿಂಗ್ ಸೋಡಾ, ಬಣ್ಣ ಹಾಕುವವರು ಬಳಸುವ ಹೈಡ್ರೋಸ್ ಪುಡಿ ಸ್ವಲ್ಪ, ಮತ್ತು ಅತಿನೇರಳೆ ಬೆಳಕು ಬೀರುವ ಒಂದು ಯುವಿ ಟಾರ್ಚ್. ಟಾರ್ಚ್ 365 ನ್ಯಾನೋಮೀಟರ್‌ನದ್ದೇ ಇರಲಿ. ನೋಟು ಪರೀಕ್ಷಿಸಲು ಸಿಗುವ ಅಗ್ಗದ 395ರ ಟಾರ್ಚ್‌ಗಳು ಜಾಸ್ತಿ ನೇರಳೆ ಬೆಳಕನ್ನೇ ಚೆಲ್ಲುತ್ತವೆ. ಆ ನೇರಳೆಯಲ್ಲಿ ನಿಜವಾದ ಹೊಳಪು ಕಾಣುವುದೇ ಇಲ್ಲ. ಯುವಿ ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ.

ಪರೀಕ್ಷೆಗೆ ಮೊದಲು ಬಟ್ಟೆ ಒಗೆಯಬೇಡಿ, ಇಸ್ತ್ರಿ ಹಾಕಬೇಡಿ. ಯಾವ ದ್ರವವನ್ನೂ ಬಟ್ಟೆಯ ಮೇಲೆ ಹಾಕಬೇಡಿ. ಹೊಲಿಗೆಯ ಒಳಗೆ ಅಥವಾ ಹರಿದ ಅಂಚಿನಲ್ಲಿ ತಾನಾಗೇ ಸಡಿಲವಾದ ನೂಲು ಇದ್ದೇ ಇರುತ್ತದೆ. ಪ್ರತಿ ಬಣ್ಣದಿಂದ ಅರ್ಧ ಬೆರಳಿನಷ್ಟು ನೂಲು ಸಾಕು. ಎಲ್ಲ ಪರೀಕ್ಷೆಯೂ ಆ ನೂಲಿನ ಮೇಲೆಯೇ ನಡೆಯಲಿ.

ಒಂದನೇ ಹಂತ: ಬಟ್ಟೆ ಮತ್ತು ಅಚ್ಚು

ನೆರಳಿನ ಹಗಲು ಬೆಳಕಿನಲ್ಲಿ, ಹಜಾರದಲ್ಲೋ ಪಡಸಾಲೆಯಲ್ಲೋ, ಬಟ್ಟೆಯನ್ನು ಪೂರ್ತಿ ಹರಡಿ. ಮೊದಲು ಒಂದು ಸಡಿಲ ನೂಲನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಂದರೆ ಬಟ್ಟೆಯ ವಯಸ್ಸಿನ ಚರ್ಚೆ ಅಲ್ಲಿಗೇ ಮುಗಿಯಿತು. ಆದರೆ ಹೊಲಿಗೆ ದಾರವನ್ನು ಸುಟ್ಟು ತೀರ್ಮಾನ ಮಾಡಬೇಡಿ. ಹಳೆ ಬಟ್ಟೆಗೆ ಹೊಸ ದಾರದಲ್ಲಿ ಅಂಚು ಮಡಿಸಿ ಹೊಲಿದಿರಬಹುದು.

ಇನ್ನು ಅಂಚು. ಹಳೆ ಮಗ್ಗದಲ್ಲಿ ಹೊಕ್ಕಿನ ನೂಲು ಅಂಚಿಗೆ ಬಂದು ತಿರುಗಿ ಹೋಗುತ್ತದೆ, ಹಾಗಾಗಿ ಅಂಚು ಮುಚ್ಚಿಕೊಂಡಿರುತ್ತದೆ. ಈಗಿನ ಲಾಳಿ ಇಲ್ಲದ ಮಗ್ಗಗಳಲ್ಲಿ ನೂಲು ತುಂಡಾಗಿ ಅಂಚಿನಲ್ಲಿ ಸಣ್ಣ ಕುಚ್ಚಿನಂತೆ ನಿಲ್ಲುತ್ತದೆ. ಕುಚ್ಚಿನ ಅಂಚಿದ್ದರೆ ಹೊಸ ಬಟ್ಟೆ. ಅಗಲವನ್ನೂ ನೋಡಿ. ಹಳೆ ಕೈಮಗ್ಗದ ಬಟ್ಟೆ ಅಗಲ ಕಡಿಮೆ, ಹಾಗಾಗಿ ಹಳೆ ಮೇಲುಹಾಸುಗಳಲ್ಲಿ ಎರಡು ಪಟ್ಟಿಗಳನ್ನು ಮಧ್ಯೆ ಸೇರಿಸಿ ಹೊಲಿದಿರುವುದು ಸಾಮಾನ್ಯ.

ಈಗ ಅಚ್ಚಿನ ಕೆಲಸಕ್ಕೆ ಬನ್ನಿ. ಇಲ್ಲಿ ನಿಧಾನವಾಗಿ ಕೂತು ನೋಡಬೇಕು. ಕೈಯಲ್ಲಿ ಒತ್ತುವ ಅಚ್ಚು ಒಂದು ಪಕ್ಕದಲ್ಲಿ ಇನ್ನೊಂದು ಕೂರಬೇಕು. ಎರಡು ಒತ್ತುಗಳು ಸೇರುವ ಜಾಗದಲ್ಲಿ ಎಲ್ಲೋ ಒಂದು ಕೂದಲೆಳೆಯಷ್ಟು ಬಿಳಿ ಸೀಳು ಉಳಿಯುತ್ತದೆ, ಎಲ್ಲೋ ಒಂದರ ಮೇಲೊಂದು ಏರಿ ಗೆರೆ ದಪ್ಪವಾಗುತ್ತದೆ. ಒಂದು ಒತ್ತಿನಲ್ಲಿ ಬಣ್ಣ ತುಂಬಿರುತ್ತದೆ, ಪಕ್ಕದ್ದರಲ್ಲಿ ಮೂಲೆ ತೆಳುವಾಗಿರುತ್ತದೆ. ಅಚ್ಚಿನಲ್ಲೇ ಒಂದು ಎಲೆಯ ತುದಿ ಮುರಿದಿದ್ದರೆ ಆ ಮುರುಕು ಪ್ರತಿ ಒತ್ತಿನಲ್ಲೂ ಕಾಣುತ್ತದೆ, ಆದರೆ ಬಣ್ಣದ ತುಂಬು ಬೇರೆ ಬೇರೆ. ಯಂತ್ರದ ಅಚ್ಚಿನಲ್ಲಿ ಹಾಗಲ್ಲ. ಅಲ್ಲಿ ಸೇರಿಕೆಯ ಸೀಳನ್ನೂ ಮೂಲೆಯ ತೆಳುವನ್ನೂ ವಿನ್ಯಾಸದ ಭಾಗವಾಗಿ ಮೊದಲೇ ಬಿಡಿಸಿರುತ್ತಾರೆ. ಹಾಗಾಗಿ ಅದೇ ತಪ್ಪು, ಅದೇ ಅಳತೆಯ ದೂರದಲ್ಲಿ, ಅದೇ ಬಣ್ಣದ ತುಂಬಿನೊಂದಿಗೆ ಮತ್ತೆ ಮತ್ತೆ ಬರುತ್ತದೆ.

ಆ ದೂರವನ್ನು ಟೇಪಿನಲ್ಲಿ ಅಳೆಯಿರಿ. ಕಾರ್ಖಾನೆಗಳಲ್ಲಿ ಬಟ್ಟೆಯ ಮೇಲೆ ಉರುಳುತ್ತಾ ಬಣ್ಣ ಒತ್ತುವ ಕೊಳವೆಯಾಕಾರದ ಉರುಳು ಪರದೆಯ ಸಾಮಾನ್ಯ ಸುತ್ತಳತೆ 64 ಸೆಂಟಿಮೀಟರ್. ಉದ್ದಕ್ಕೂ ಒಂದು ಹೂವಿನ ಒಂದೇ ದೋಷ ಸರಿಯಾಗಿ 64 ಸೆಂಟಿಮೀಟರ್‌ಗೊಮ್ಮೆ, ಇಲ್ಲವೇ ಅದರ ಅರ್ಧವಾದ 32ಕ್ಕೊಮ್ಮೆ, ಮಧ್ಯೆ ಯಾವ ಸೇರಿಕೆಯೂ ಇಲ್ಲದೆ ಬರುತ್ತಿದ್ದರೆ ಅದು ಉರುಳಿನಲ್ಲಿ ಅಚ್ಚಾದ ಬಟ್ಟೆ ಎಂಬ ಸಂಶಯ ಬಲವಾಗುತ್ತದೆ. ಬಟ್ಟೆ ಒಗೆದು ಕುಗ್ಗಿದ್ದರೆ ಒಂದೆರಡು ಸೆಂಟಿಮೀಟರ್ ಕಡಿಮೆ ಬರಬಹುದು. ಅಳತೆ ಹೊಂದದಿದ್ದರೆ ಕೈ ಅಚ್ಚು ಎಂದು ತಿಳಿಯಬೇಡಿ. ಚಪ್ಪಟೆ ಪರದೆಗಳ ಅಳತೆ ಬೇರೆ ಬೇರೆ ಇರುತ್ತದೆ.

ಮೇಣ ಹಚ್ಚಿ ನೀಲಿಯಲ್ಲಿ ಅದ್ದಿದ ಬಟ್ಟೆಯಾದರೆ ಇನ್ನೊಂದು ಗುರುತಿದೆ. ಮೇಣ ಬಿರುಕು ಬಿಟ್ಟಲ್ಲಿ ನೀಲಿ ಒಳಗಿಳಿದು ಸಣ್ಣ ನರದಂಥ ಗೆರೆಗಳಾಗಿರುತ್ತವೆ. ಎರಡು ಜಾಗದಲ್ಲಿ ಈ ನರಗಳು ಒಂದೇ ತರಹ ಇರುವುದಿಲ್ಲ. ನಕಲಿನಲ್ಲಿ ಬಿರುಕನ್ನೂ ಅಚ್ಚು ಹಾಕಿರುತ್ತಾರೆ, ಆದ್ದರಿಂದ ಒಂದು ಹೂವಿನ ಬಿರುಕು ಮುಂದಿನ ಹೂವಿನಲ್ಲೂ ಹಾಗೇ ಇರುತ್ತದೆ.

ಎರಡನೇ ಹಂತ: ಹೊಲಿಗೆಯ ಒಳಗೆ ಇಣುಕಿ

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಜಾಗ ಇನ್ನೊಂದಿಲ್ಲ. ಬಟ್ಟೆ ನಿಜವಾಗಿ ಬಳಕೆಯಿಂದ ಮಾಸಿದ್ದರೆ, ಬೆಳಕು, ಬೆವರು, ಒಗೆತ ತಾಗಿದ ಮೇಲ್ಭಾಗ ಮಾತ್ರ ಮಾಸಿರುತ್ತದೆ. ಅಂಚು ಮಡಿಸಿ ಹೊಲಿದ ಮಡಿಕೆಯ ಒಳಗೆ, ಎರಡು ಪಟ್ಟಿ ಸೇರಿದ ಹೊಲಿಗೆಯ ಒಳಗೆ ಬಣ್ಣ ಇನ್ನೂ ಗಾಢವಾಗಿರುತ್ತದೆ. ಒಂದೆರಡು ಹೊಲಿಗೆ ಬಿಚ್ಚಿ ನೋಡಿದರೆ ಸಾಕು.

ನಕಲಿನಲ್ಲಿ ಎರಡು ರೀತಿ ಸಿಕ್ಕಿಬೀಳುತ್ತದೆ. ಹೊಲಿಯುವ ಮೊದಲೇ ಟೀಯಲ್ಲಿ ಅದ್ದಿದ್ದರೆ ಮಡಿಕೆಯ ಒಳಗೂ ಹೊರಗೂ ಒಂದೇ ಕಂದು. ಹೊಲಿದ ಮೇಲೆ ಅದ್ದಿದ್ದರೆ ಕಂದು ನೀರು ಹೊಲಿಗೆಯ ಗೆರೆಯಲ್ಲಿ ನಿಂತು ಕಡುವಾದ ಗೆರೆ ಮಾಡಿರುತ್ತದೆ. ನಿಜವಾದ ಹಳೆ ಬಟ್ಟೆಯ ಕಂದು ಒಂದೇ ಸಮ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಾಗ ಹೊರಗಿದ್ದ ಮಡಿಕೆಯ ಅಂಚುಗಳಲ್ಲಿ ಜಾಸ್ತಿ, ಒಳಗಿದ್ದ ಪದರಗಳಲ್ಲಿ ಕಡಿಮೆ.

ಮೂರನೇ ಹಂತ: ಕಪ್ಪು

ಹಳೆ ಅಚ್ಚಿನ ಕಪ್ಪು ಕಬ್ಬಿಣದ್ದು. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ ಮತ್ತು ನೀರನ್ನು ಮಡಕೆಯಲ್ಲಿ ಕೆಲವು ವಾರ ಹುಳಿ ಬರಿಸುತ್ತಾರೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸಿರುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ಆ ಬಟ್ಟೆಯ ಮೇಲೆ ಕಬ್ಬಿಣದ ನೀರನ್ನು ಒತ್ತಿದ ಕೂಡಲೇ ಅಳಲೆಯ ಒಗರು ಅದರೊಂದಿಗೆ ಸೇರಿ ಕಪ್ಪಾಗುತ್ತದೆ.

ಈ ಕಪ್ಪಿಗೆ ಒಂದು ಕೆಟ್ಟ ಗುಣವಿದೆ. ಕಬ್ಬಿಣ ನಿಧಾನವಾಗಿ ಹತ್ತಿಯನ್ನೇ ತಿನ್ನುತ್ತದೆ. ದಶಕಗಳು ಕಳೆದಂತೆ ಕಪ್ಪು ಗೆರೆ ಇರುವಲ್ಲಿ ಮಾತ್ರ ನೂಲು ಪೆಡಸಾಗಿ, ಪುಡಿಯಾಗಿ, ಗೆರೆಯ ಆಕಾರದಲ್ಲೇ ಬಟ್ಟೆ ತೂತಾಗುತ್ತದೆ. ಪಕ್ಕದ ಕೆಂಪು ಹೂವು ಗಟ್ಟಿಯಾಗೇ ಇರುತ್ತದೆ. ಬೆಳಕಿಗೆ ಅಡ್ಡ ಹಿಡಿದು ನೋಡಿ. ಹೂವಿನ ಸುತ್ತ ಕಪ್ಪು ಗೆರೆ ಉದುರಿ, ಸೂಜಿಯಷ್ಟು ಬೆಳಕಿನ ತೂತುಗಳು ಗೆರೆಯ ದಾರಿಯಲ್ಲೇ ಸಾಲಾಗಿ ಕಂಡರೆ ಅದು ವಯಸ್ಸಿನ ಬಲವಾದ ಗುರುತು. ಇದನ್ನು ನಕಲು ಮಾಡುವುದು ಕಷ್ಟ. ಕತ್ತರಿಯಿಂದಲೋ ಮರಳು ಕಾಗದದಿಂದಲೋ ಮಾಡಿದ ತೂತು ಬಣ್ಣ ನೋಡಿ ಬೀಳುವುದಿಲ್ಲ. ಗೆರೆ ಬಿಟ್ಟು ಆಚೀಚೆಯೂ ಹರಿದಿರುತ್ತದೆ. ಕಾರ್ಖಾನೆಯ ಅನಿಲಿನ್ ಕಪ್ಪು ಕೂಡ ಬಟ್ಟೆಯನ್ನು ದುರ್ಬಲ ಮಾಡುತ್ತದೆ, ಹಾಗಾಗಿ ತೂತನ್ನೇ ನೆಚ್ಚದೆ ಮುಂದಿನ ಪರೀಕ್ಷೆಯನ್ನೂ ಮಾಡಬೇಕು.

ಕಪ್ಪು ನೂಲನ್ನು ಬಿಳಿ ತಟ್ಟೆಯಲ್ಲಿಟ್ಟು ಒಂದೆರಡು ಹನಿ ನಿಂಬೆರಸ ಬಿಡಿ. ತಟ್ಟೆಯನ್ನು ಬೆಚ್ಚಗಿನ ಜಾಗದಲ್ಲಿಟ್ಟು ಒಂದು ಗಂಟೆ ಕಾಯಿರಿ. ರಸ ಒಣಗಿದರೆ ಮತ್ತೆ ಒಂದು ಹನಿ ಹಾಕಿ. ಕಬ್ಬಿಣದ ಕಪ್ಪಾದರೆ ಬಣ್ಣ ಬೂದಿ ಅಥವಾ ಕಂದಿಗೆ ಇಳಿದು ತೆಳುವಾಗುತ್ತದೆ. ರಾಸಾಯನಿಕ ಕಪ್ಪು ಹಾಗೇ ನಿಲ್ಲುತ್ತದೆ. ಪಕ್ಕದಲ್ಲೇ ಇನ್ನೊಂದು ನೂಲನ್ನು ಬರೀ ನೀರಿನಲ್ಲಿ ನೆನೆಸಿಡಿ, ಹೋಲಿಸಿ ನೋಡಲು. ಈ ಪರೀಕ್ಷೆ ಹೇಳುವುದು ಬಣ್ಣದ ಜಾತಿಯನ್ನು ಮಾತ್ರ. ಹೋದ ತಿಂಗಳು ಒತ್ತಿದ ಕಬ್ಬಿಣದ ಕಪ್ಪು ಕೂಡ ನಿಂಬೆಗೆ ತೆಳುವಾಗುತ್ತದೆ.

ನಾಲ್ಕನೇ ಹಂತ: ಹಸಿರು ಮತ್ತು ನೀಲಿ

ಹಳೆ ವಿಧಾನದಲ್ಲಿ ಹಸಿರು ಎನ್ನುವ ಒಂದೇ ಬಣ್ಣ ಇರಲಿಲ್ಲ. ನೀಲಿಯ ಮೇಲೆ ಹಳದಿ ಹಚ್ಚಿ ಹಸಿರು ಮಾಡುತ್ತಿದ್ದರು. ನೀಲಿ ಬಹಳ ಗಟ್ಟಿ, ಗಿಡದ ಹಳದಿಗಳು ಬೆಳಕಿಗೆ ಬೇಗ ಹಾರಿಹೋಗುತ್ತವೆ. ಅದಕ್ಕೇ ಹಳೆ ಬಟ್ಟೆಗಳಲ್ಲಿ ಎಲೆಗಳು ನೀಲಿಯಾಗಿ ಕಾಣುತ್ತವೆ. ಹೊಲಿಗೆಯ ಒಳಗೆ ಅದೇ ಎಲೆ ಇನ್ನೂ ಹಸಿರಾಗಿದ್ದರೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಮಾಸಿದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಳದಿಯು ನೀಲಿಯ ಗಡಿ ದಾಟಿ ಸ್ವಲ್ಪ ಆಚೆ ಹೋಗಿರುವುದೂ ಕಾಣಬಹುದು, ಯಾಕೆಂದರೆ ಅದು ಬೇರೆ ಸಲ ಹಚ್ಚಿದ್ದು. ನಕಲಿನ ಹಸಿರು ಒಂದೇ ಬಣ್ಣ. ಮಾಸಿದರೆ ತೆಳು ಹಸಿರಾಗುತ್ತದೆ, ನೀಲಿಯಾಗುವುದಿಲ್ಲ.

ನಮ್ಮ ಕಡೆ ಇನ್ನೊಂದು ವಿಷಯ ಗಮನಿಸಬೇಕು. ಸೌಳು ಮಣ್ಣಿನಲ್ಲಿ, ಸೋಡಾದಲ್ಲಿ ಒಗೆದ ಬಟ್ಟೆಯಲ್ಲಿ ಹಳದಿ ಬೇಗ ಕೆಟ್ಟಿರುತ್ತದೆ. ಅರಿಶಿನದ ಹಳದಿಯಂತೂ ಕ್ಷಾರ ತಾಗಿದರೆ ಕೆಂಪಾಗಿಬಿಡುತ್ತದೆ. ಹಳದಿ ಇಲ್ಲ ಅಂದ ಮಾತ್ರಕ್ಕೆ ಆ ಬಟ್ಟೆಗೆ ಹಳದಿಯನ್ನೇ ಹಚ್ಚಿರಲಿಲ್ಲ ಎನ್ನಬೇಡಿ.

ನೀಲಿ ನೂಲಿಗೆ ಹೈಡ್ರೋಸ್ ಪರೀಕ್ಷೆ. ಸಣ್ಣ ಗಾಜಿನ ಲೋಟದಲ್ಲಿ ಎರಡು ಚಮಚ ಬಿಸಿನೀರು, ಅರ್ಧ ಚಮಚ ವಾಷಿಂಗ್ ಸೋಡಾ, ಕಡಲೆ ಗಾತ್ರದಷ್ಟು ಹೈಡ್ರೋಸ್. ನೂಲು ಹಾಕಿ ಕೆಲವು ನಿಮಿಷ ಬಿಡಿ. ನೀಲಿ ಸೊಪ್ಪಿನ ಬಣ್ಣವಾದರೆ ನೂಲು ಹಳದಿ ಮಿಶ್ರಿತ ಹಸಿರಾಗುತ್ತದೆ. ಹೊರಗೆ ತೆಗೆದು ಬಿಳಿ ಕಾಗದದ ಮೇಲೆ ಗಾಳಿಗೆ ಇಟ್ಟರೆ ನೋಡನೋಡುತ್ತಾ ಮತ್ತೆ ನೀಲಿ ಬರುತ್ತದೆ. ಅಜೋ ಗುಂಪಿನ ರಾಸಾಯನಿಕ ನೀಲಿಯಾದರೆ ಬಣ್ಣ ಹೋಗಿಬಿಡುತ್ತದೆ, ಗಾಳಿಗಿಟ್ಟರೂ ಮರಳುವುದಿಲ್ಲ. ಹೈಡ್ರೋಸ್‌ಗೆ ಗಂಧಕದ ಘಾಟು ವಾಸನೆ ಇದೆ. ಕಿಟಕಿ ತೆಗೆದು ಮಾಡಿ. ಡಬ್ಬಿಗೆ ನೀರಿನ ಹನಿ ಬಿದ್ದರೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಿಂಬೆರಸದ ಜೊತೆ ಎಂದಿಗೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಒಂದು ಮಾತು ನೆನಪಿರಲಿ. ಗಿಡದ ನೀಲಿ ಮತ್ತು ಕಾರ್ಖಾನೆಯ ಕೃತಕ ನೀಲಿ ಒಂದೇ ವಸ್ತು. ಈ ಪರೀಕ್ಷೆಯಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆ. ಒಣ ಕೈವಸ್ತ್ರದಿಂದ ಉಜ್ಜಿದಾಗ ನೀಲಿ ಅಂಟಿತು ಅಂದಮಾತ್ರಕ್ಕೆ ನಕಲು ಎನ್ನುವವರಿದ್ದಾರೆ, ಅದೂ ತಪ್ಪು. ನಿಜವಾದ ನೀಲಿಯೇ ಉಜ್ಜಿದರೆ ಅಂಟುತ್ತದೆ.

ಐದನೇ ಹಂತ: ಕೆಂಪು

ಇದೇ ಎಲ್ಲಕ್ಕಿಂತ ತೊಡಕಿನದು. ಕೆಂಪನ್ನು ನೇರವಾಗಿ ಒತ್ತುವುದಿಲ್ಲ. ಪಟಿಕದ ನೀರನ್ನು ಅಚ್ಚಿನಲ್ಲಿ ಒತ್ತಿ, ತೊಳೆದು, ಆಮೇಲೆ ಬಟ್ಟೆಯನ್ನು ಬೇರಿನ ನೀರಿನಲ್ಲಿ ಕುದಿಸುತ್ತಾರೆ. ಪಟಿಕ ಇದ್ದಲ್ಲಿ ಮಾತ್ರ ಕೆಂಪು ಹಿಡಿಯುತ್ತದೆ. ಬೇರು ಎರಡು ಬಗೆ. ಒಂದು ಮಂಜಿಷ್ಠ. ಇನ್ನೊಂದು ಕರಾವಳಿ ಆಂಧ್ರ, ತಮಿಳುನಾಡಿನ ಮರಳು ನೆಲದ ಚಿರುವೇರು. ಬೇರಿನ ಬದಲು ಬಳಸುವುದು ಡಬ್ಬಿಯ ಕೃತಕ ಅಲಿಜಾರಿನ್. ನೈಸರ್ಗಿಕ ಎಂದು ಇಂದು ಮಾರುವ ಎಷ್ಟೋ ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಕಬ್ಬಿಣದ್ದೇ, ಆದರೆ ಕೆಂಪು ಈ ಡಬ್ಬಿಯದು. ಇದನ್ನು ಕೊಳ್ಳುವವರು ತಿಳಿದಿರಬೇಕು.

ಕತ್ತಲೆ ಕೋಣೆಯಲ್ಲಿ 365ರ ಟಾರ್ಚ್ ಬಿಡಿ. ಮಂಜಿಷ್ಠದ ಕೆಂಪು ಕಿತ್ತಳೆ ಛಾಯೆಯಲ್ಲಿ ಮಂದವಾಗಿ ಹೊಳೆಯುತ್ತದೆ. ಅದರಲ್ಲಿ ಪರ್ಪ್ಯುರಿನ್ ಎಂಬ ಜೊತೆ ಬಣ್ಣವಿದೆ, ಹೊಳೆಯುವುದು ಅದು. ಚಿರುವೇರಿನಲ್ಲಿ ಅದು ಇಲ್ಲ. ಕೃತಕ ಅಲಿಜಾರಿನ್‌ನಲ್ಲೂ ಇಲ್ಲ. ಹಾಗಾಗಿ ಇವೆರಡೂ ಯುವಿಯಲ್ಲಿ ಕಡು ಮಂಕಾಗಿ ಕಾಣುತ್ತವೆ. ಕಿತ್ತಳೆ ಹೊಳಪು ಬಂದರೆ ಮಂಜಿಷ್ಠ ಎನ್ನಬಹುದು. ಬರದಿದ್ದರೆ "ರಾಸಾಯನಿಕ" ಎನ್ನಬಾರದು. ಟಾರ್ಚ್ ಹಿಡಿದು ಎಷ್ಟೋ ಒಳ್ಳೆ ಚಿರುವೇರಿನ ಬಟ್ಟೆಗಳನ್ನು ನಕಲು ಎಂದು ತಳ್ಳಿಹಾಕುವುದು ಇಲ್ಲಿಯೇ.

ಹಾಗೆಯೇ ತುಂಬಾ ಪ್ರಖರವಾಗಿ, ಬೆಂಕಿಯಂತೆ ಹೊಳೆದರೆ ಸಂತೋಷಪಡಬೇಡಿ. ರೋಡಮಿನ್ ಎಂಬ ಗುಲಾಬಿ ರಾಸಾಯನಿಕವೂ ಹಾಗೆ ಹೊಳೆಯುತ್ತದೆ. ಅದು ನೀರಿಗೆ ಬಿಡುವ ಬಣ್ಣ. ನೂಲನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿಟ್ಟರೆ ಗುಲಾಬಿ ಕಲೆ ಬೀಳುತ್ತದೆ. ಪಟಿಕದ ಮೇಲೆ ಹಿಡಿದ ಬೇರಿನ ಕೆಂಪು ಹಾಗೆ ಬಿಡುವುದಿಲ್ಲ.

ನ್ಯಾಫ್ತಾಲ್ ಕೆಂಪನ್ನು ಹಿಡಿಯಲು ಹೈಡ್ರೋಸ್ ಲೋಟವೇ ಸಾಕು. ಅದು ಬಿಳಿಯಾಗಿಯೋ ಮಾಸಲು ಹಳದಿಯಾಗಿಯೋ ತಿರುಗಿ, ಗಾಳಿಗಿಟ್ಟು ಒಂದು ದಿನ ಬಿಟ್ಟರೂ ಕೆಂಪಾಗುವುದಿಲ್ಲ. ಅಲಿಜಾರಿನ್ ಕೆಂಪು ಬದಲಾಗಬಹುದು, ಆದರೆ ಹೀಗೆ ಮರಳದಂತೆ ಅಳಿದುಹೋಗುವುದಿಲ್ಲ. ಇನ್ನೊಂದು ಸುಳಿವು: ನ್ಯಾಫ್ತಾಲ್ ಬಟ್ಟೆಯನ್ನು ಒಣ ಬಿಳಿ ಹತ್ತಿಯಿಂದ ಉಜ್ಜಿದರೆ ಎಷ್ಟೋ ಸಲ ಕೆಂಪು ಪುಡಿ ಅಂಟುತ್ತದೆ.

ಆರನೇ ಹಂತ: ಬಿಳಿ ಜಾಗ

ಟಾರ್ಚ್ ಕೈಯಲ್ಲಿರುವಾಗಲೇ ಬಿಳಿ ನೆಲವನ್ನೂ ನೋಡಿ. ಹೊಸ ಬಟ್ಟೆಗಳಿಗೆ ಬೆಳ್ಳಗೆ ಕಾಣಲೆಂದು ಹೊಳಪು ರಾಸಾಯನಿಕ ಹಾಕುತ್ತಾರೆ. ಅದು ಯುವಿಯಲ್ಲಿ ನೀಲಿ ಬಿಳುಪಾಗಿ ಬೆಳಗುತ್ತದೆ. ಇವು ಬಳಕೆಗೆ ಬಂದದ್ದು 1940ರ ದಶಕದಿಂದೀಚೆಗೆ. ಆದರೆ ಅದೇ ವಸ್ತು ಸೋಪಿನ ಪುಡಿಯಲ್ಲೂ ಇರುತ್ತದೆ. ಅಜ್ಜಿಯ ಕಾಲದ ಬಟ್ಟೆಯನ್ನು ಸೊಸೆ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಬೆಳಗುತ್ತದೆ. ಆದ್ದರಿಂದ ಮಡಿಕೆಯ ಒಳಗೆ ನೋಡಿ. ಒಗೆತದಿಂದ ಬಂದ ಹೊಳಪು ಮೇಲ್ಭಾಗದಲ್ಲಿ ಜಾಸ್ತಿ, ಕಲೆ ಕಲೆಯಾಗಿ, ಬಿಗಿ ಹೊಲಿಗೆಯ ಒಳಗೆ ಕಡಿಮೆ. ಕಾರ್ಖಾನೆಯದು ಎಲ್ಲ ಕಡೆ ಒಂದೇ ಸಮ.

ಎರಡು ಬಟ್ಟೆ, ಒಂದು ಮೇಜು

ಶ್ರೀನಿವಾಸಪುರದ ಕಡೆಯ ಒಂದು ಮನೆಯಲ್ಲಿ ಎರಡು ಮೇಲುಹಾಸುಗಳನ್ನು ಪಕ್ಕಪಕ್ಕದಲ್ಲಿ ಹರಡಿ ನೋಡಿದೆವು. ಒಂದು ಮನೆಯದೇ. ಇನ್ನೊಂದು "ಇದರ ಜೋಡಿ, ನೂರೈವತ್ತು ವರ್ಷದ್ದು" ಎಂದು ವ್ಯಾಪಾರಿಯೊಬ್ಬರಿಂದ ಕೊಂಡದ್ದು. ಎರಡೂ ಮಾಸಿದ ಕೆಂಪು ಹೂವಿನ ಬಳ್ಳಿ. ಮೇಲ್ನೋಟಕ್ಕೆ ಕೊಂಡದ್ದೇ ಹೆಚ್ಚು ಹಳೆಯದಾಗಿ ಕಾಣುತ್ತಿತ್ತು.

ಮನೆಯದರಲ್ಲಿ ನಡುವೆ ಕೈ ಹೊಲಿಗೆ, ಎರಡು ಪಟ್ಟಿ. ಬಳ್ಳಿಯ ಅಚ್ಚು ಸೇರುವಲ್ಲಿ ಒಂದು ಕಡೆ ಸೀಳು, ಮುಂದಿನದರಲ್ಲಿ ಏರಿಕೆ. ಕಿಟಕಿಗೆ ಹಿಡಿದರೆ ಹೂವಿನ ಸುತ್ತಿನ ಕಪ್ಪು ಗೆರೆ ಅಲ್ಲಲ್ಲಿ ತೂತಾಗಿತ್ತು. ಎಲೆಗಳು ನೀಲಿ. ನಡು ಹೊಲಿಗೆ ನಾಲ್ಕು ಬೆರಳು ಬಿಚ್ಚಿದಾಗ ಒಳಗೆ ಎಲೆಯ ತುದಿ ಹಸಿರಾಗಿತ್ತು. "ನಮ್ಮತ್ತೆ ಇದನ್ನ ಸೌಳಲ್ಲೇ ಒಗೀತಿದ್ದರು, ನಾನು ಬಂದ ಮೇಲೆ ಸೋಪಿನ ಪುಡಿ" ಎಂದು ಮನೆಯ ಅಮ್ಮ ಹೇಳಿದರು. ಯುವಿಯಲ್ಲಿ ಅದು ಹಾಗೇ ಕಂಡಿತು, ಮೇಲೆ ನೀಲಿ ಬಿಳುಪಿನ ಕಲೆಗಳು, ಹೊಲಿಗೆಯ ಒಳಗೆ ಮಂಕು. ಕಪ್ಪು ನೂಲು ನಿಂಬೆಗೆ ಬೂದಿಯಾಯಿತು. ನೀಲಿ ನೂಲು ಹೈಡ್ರೋಸ್‌ನಲ್ಲಿ ಹಳದಿ ಹಸಿರಾಗಿ, ಕಾಗದದ ಮೇಲೆ ಮರಳಿ ನೀಲಿಯಾಯಿತು. ಕೆಂಪು ಯುವಿಯಲ್ಲಿ ಹೊಳೆಯಲಿಲ್ಲ, ಹೈಡ್ರೋಸ್‌ನಲ್ಲಿ ಅಳಿಯಲೂ ಇಲ್ಲ.

ಕೊಂಡದ್ದರಲ್ಲಿ ನಡು ಹೊಲಿಗೆ ಇರಲಿಲ್ಲ. ಬಳ್ಳಿಯ ಒಂದು ಮೊಗ್ಗಿನಲ್ಲಿ ಸಣ್ಣ ಚುಕ್ಕೆ ತಪ್ಪಿತ್ತು. ಅದೇ ತಪ್ಪು 63 ಸೆಂಟಿಮೀಟರ್ ಆಚೆ ಮತ್ತೆ, ಅಲ್ಲಿಂದ ಮತ್ತೆ 63ಕ್ಕೆ. ಒಗೆದು ಕುಗ್ಗಿದ 64 ಅದು. ಕಪ್ಪು ಗೆರೆ ಬಟ್ಟೆಯಷ್ಟೇ ಗಟ್ಟಿ, ತೂತುಗಳೆಲ್ಲ ಬಿಳಿ ನೆಲದಲ್ಲಿ. ಅಂಚಿನ ಮಡಿಕೆಯ ಒಳಗೂ ಅದೇ ಕಂದು. ಎಲೆ ಒಳಗೂ ಹೊರಗೂ ಒಂದೇ ತೆಳು ಹಸಿರು. ಕಪ್ಪು ನೂಲು ನಿಂಬೆಗೆ ಜಗ್ಗಲಿಲ್ಲ. ಕೆಂಪು ನೂಲು ಹೈಡ್ರೋಸ್‌ನಲ್ಲಿ ಮಾಸಲು ಹಳದಿಯಾಗಿ ಹಾಗೇ ಉಳಿಯಿತು.

ಎರಡನೆಯದು ಯಂತ್ರದ ನಕಲು, ಅದರಲ್ಲಿ ಸಂಶಯವಿಲ್ಲ. ಮೊದಲನೆಯದರ ಬಗ್ಗೆ ನಾವು ಬರೆದುಕೊಂಡದ್ದು ಇಷ್ಟು: ಕೈ ಅಚ್ಚು, ಕಬ್ಬಿಣದ ಕಪ್ಪು, ನೀಲಿಯ ಮೇಲೆ ಹಾರಿಹೋದ ಹಳದಿ, ದಶಕಗಳ ನಿಜವಾದ ಬಳಕೆ. ನೀಲಿ ಗಿಡದ್ದೋ ಕಾರ್ಖಾನೆಯದೋ ಮನೆಯಲ್ಲಿ ತಿಳಿಯದು. ಕೆಂಪು ಚಿರುವೇರಾಗಿರಬಹುದು ಅಥವಾ ಕೃತಕ ಅಲಿಜಾರಿನ್ ಆಗಿರಬಹುದು, ಅದೂ ಮನೆಯಲ್ಲಿ ತಿಳಿಯದು. "ಪೂರ್ತಿ ನೈಸರ್ಗಿಕ" ಎಂದು ಬರೆಯಲು ಮನೆಯವರು ಒಪ್ಪಿದ್ದರೂ ನಾವು ಬರೆಯಲಿಲ್ಲ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ

ಆ ಕೊನೆಯ ಪ್ರಶ್ನೆಗೆ ಉತ್ತರ ಬೇಕೆಂದರೆ ಬಣ್ಣವನ್ನು ಘಟಕಗಳಾಗಿ ಬಿಡಿಸಿ ನೋಡುವ ಕ್ರೊಮೆಟೋಗ್ರಫಿ ಪರೀಕ್ಷೆ ಮಾಡಿಸಬೇಕು. ಬೇರಿನ ಕೆಂಪಿನಲ್ಲಿ ಅಲಿಜಾರಿನ್ ಜೊತೆ ಬೇರೆ ಸಣ್ಣಪುಟ್ಟ ಬಣ್ಣಗಳೂ ಇರುತ್ತವೆ, ಡಬ್ಬಿಯದರಲ್ಲಿ ಅಲಿಜಾರಿನ್ ಮಾತ್ರವೇ ಎದ್ದು ಕಾಣುತ್ತದೆ. ಖರ್ಚಿನ ಕೆಲಸ, ಹಾಗಾಗಿ ಮೊದಲ ಆರು ಹಂತದಲ್ಲಿ ಪಾಸಾದ ಬಟ್ಟೆಗೆ ಮಾತ್ರ ಮಾಡಿಸಿ. ಒಂದೊಂದು ಬಣ್ಣದಿಂದ ಒಂದು ಸೆಂಟಿಮೀಟರ್‌ನ ಒಂದೆರಡು ನೂಲು ಸಾಕು. ಮನೆಯಲ್ಲಿ ನಿಂಬೆ, ಹೈಡ್ರೋಸ್ ತಾಗಿದ ನೂಲು ಬೇಡ, ಹೊಸದಾಗಿ ತೆಗೆಯಿರಿ. ಹೊಲಿಗೆಯ ಒಳಗಿನಿಂದಲೇ ತೆಗೆದರೆ ಬಣ್ಣ ಜಾಸ್ತಿ ಉಳಿದಿರುತ್ತದೆ, ಸೋಪಿನ ಅಂಶ ಕಡಿಮೆ ಇರುತ್ತದೆ. ಬೇರೆ ಬೇರೆ ಬಿಳಿ ಕಾಗದದ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ಬಣ್ಣ ಯಾವುದು, ಬಟ್ಟೆಯ ಯಾವ ಮೂಲೆಯಿಂದ ತೆಗೆದದ್ದು ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಬೇಡ, ಅದರ ಬಣ್ಣವೇ ನೂಲಿಗೆ ಹತ್ತಿದರೆ ಪರೀಕ್ಷೆ ಕೆಡುತ್ತದೆ.